ಬೋರ್ ನೀರಿಗೆ ಶವರ್, ನಲ್ಲಿ ಎಲ್ಲ ಬೆಳ್ಳಗೆ ಕಟ್ಟಿಕೊಂಡಿವೆ: ತೊಳೆದರೆ ಸಾಕಾ, ಸಾಫ್ಟ್‌ನರ್ ಹಾಕಿಸಬೇಕಾ?

ಹೊಸಕೋಟೆ_ಮನೆ
ನಮಸ್ಕಾರ ಎಲ್ಲರಿಗೂ. ನಾವು ಹೊಸಕೋಟೆ ಹತ್ತಿರ ಮನೆ ಕಟ್ಟಿಸಿ ಬಂದು ಒಂದೂವರೆ ವರ್ಷ ಆಯಿತು. ಕಾವೇರಿ ಇಲ್ಲ, ಪೂರ್ತಿ ಬೋರ್ ನೀರೇ. ಶವರ್ ಈಗ ಶವರ್ ಆಗಿ ಉಳಿದಿಲ್ಲ. ಅರ್ಧ ತೂತು ಮುಚ್ಚಿಹೋಗಿವೆ, ಉಳಿದವುಗಳಿಂದ ನೀರು ಓರೆಯಾಗಿ ಗೋಡೆಗೆ ಹೊಡೆಯುತ್ತದೆ. ನಲ್ಲಿ ಬುಡದಲ್ಲಿ ಬೆಳ್ಳಗೆ ಗಟ್ಟಿ ಪದರ, ಉಗುರಲ್ಲಿ ಕೆರೆದರೂ ಬರುವುದಿಲ್ಲ. ಪ್ಲಂಬರ್ ಬಂದು ನೋಡಿ ಎಲ್ಲ ಬದಲಾಯಿಸಿಬಿಡಿ ಅಂದರು. ಬದಲಾಯಿಸಿದರೆ ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಕಥೆ ಅಲ್ವಾ? ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿ ಅಂತ ಒಬ್ಬರು, ಅದೆಲ್ಲ ದುಡ್ಡು ದಂಡ ಅಂತ ಇನ್ನೊಬ್ಬರು. ಮನೆಯಲ್ಲಿ ನಾಲ್ಕು ಜನ ಇದ್ದೇವೆ. ನೀರಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ 840 ತೋರಿಸುತ್ತದೆ. ಏನು ಮಾಡಲಿ?

ತುಮಕೂರು_ರಸ್ತೆ
ಸುಲಭ ಇದೆ ಮೇಡಂ. ಅಡುಗೆ ಸೋಡಾ ಮೇಲೆ ವಿನೆಗರ್ ಹಾಕಿ, ಬುಸುಬುಸು ನೊರೆ ಬರುತ್ತದಲ್ಲ, ಆ ನೊರೆಯೇ ಕೊಳೆ ಎಬ್ಬಿಸುತ್ತದೆ. ಶವರ್ ಬಿಚ್ಚಿ ಅದರಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ. ನಾನು ಮಾಡಿದ್ದೇನೆ, ಬೆಳಿಗ್ಗೆ ಫಳಫಳ.

ಬಾವಿಕಟ್ಟೆ
ವಿನೆಗರ್ ಸರಿ, ಸೋಡಾ ಬೇಡ. ವಿನೆಗರ್ ಹುಳಿ, ಸೋಡಾ ಅದಕ್ಕೆ ವಿರುದ್ಧ. ಎರಡನ್ನೂ ಸೇರಿಸಿದರೆ ಒಂದನ್ನೊಂದು ತಿಂದು ಮುಗಿಸುತ್ತವೆ. ನೀವು ನೋಡಿದ ನೊರೆ ಅವುಗಳ ಜಗಳದ್ದು, ಸುಣ್ಣ ಕರಗಿದ್ದಲ್ಲ. ನಿಮ್ಮದು ಬೆಳಿಗ್ಗೆ ಸರಿಹೋಗಿದ್ದರೆ ಸೋಡಾ ಮುಗಿದ ಮೇಲೆ ಉಳಿದ ವಿನೆಗರ್ ಕೆಲಸ ಮಾಡಿದೆ ಅಷ್ಟೇ.

ಆ ಬಿಳಿ ಪದರ ಮುಕ್ಕಾಲು ಪಾಲು ಸುಣ್ಣವೇ. ಮಳೆ ನೀರು ಮಣ್ಣು, ಬಂಡೆಯ ಸೀಳು ದಾಟಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ನೆಲದೊಳಗೆ ಇರುವವರೆಗೂ ಅದು ಕರಗಿಯೇ ಇರುತ್ತದೆ. ಬಿಸಿಯಾದಾಗ, ಇಲ್ಲವೇ ನಲ್ಲಿ ಮೂತಿಯಲ್ಲಿ ನಿಂತ ಹನಿ ಗಾಳಿಗೆ ಆರಿದಾಗ, ಒಳಗಿದ್ದ ಇಂಗಾಲದ ಗಾಳಿ ಹೊರಗೆ ಹೋಗಿ ಸುಣ್ಣ ಕಲ್ಲಾಗಿ ಕೂರುತ್ತದೆ. ಅದಕ್ಕೇ ಶವರ್ ತೂತು, ನಲ್ಲಿ ಬುಡ, ಗೀಸರ್ ಕಾಯಿಲ್ ಮೂರೂ ಮೊದಲು ಹಾಳಾಗುವುದು.

ಮೇಡಂ, ಒಂದು ಕೆಲಸ ಮಾಡಿ. ನಿಂಬೆಹಣ್ಣು ಅರ್ಧ ಕತ್ತರಿಸಿ ಆ ಪದರದ ಮೇಲೆ ಒಂದು ಹನಿ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ, ಹುಳಿಗೆ ಹೋಗುತ್ತದೆ. ಗುಳ್ಳೆ ಏಳದೇ ಸುಮ್ನೆ ಕೂತಿದ್ದರೆ ಅದು ಬೇರೆ ಲವಣ ಅಥವಾ ಸಿಲಿಕಾ, ಅದಕ್ಕೆ ಹುಳಿ ಹಾಕಿ ಪ್ರಯೋಜನ ಇಲ್ಲ. ಮತ್ತೆ ಟಿಡಿಎಸ್ ಬಿಡಿ, ನೀರನ್ನು ಲ್ಯಾಬಿಗೆ ಕೊಟ್ಟು ಒಟ್ಟು ಗಡಸುತನ ಎಷ್ಟು ಅಂತ ಬರೆಸಿಕೊಂಡು ಬನ್ನಿ. ಆಮೇಲೆ ಮಾತಾಡೋಣ.

ಅಡುಗೆಮನೆ_ಅಜ್ಜಿ
ನಮ್ಮ ಕಾಲದಲ್ಲಿ ಮೀಟರ್ ಎಲ್ಲಿತ್ತು? ಬೇಳೆ ಬೇಯದಿದ್ದರೆ ಉಪ್ಪು ನೀರು ಅನ್ನುತ್ತಿದ್ದೆವು. ಸೊಪ್ಪಿನ ಸಾರಿಗೆ, ಬೇಳೆಗೆ ದೂರದ ಸಿಹಿನೀರು ಬಾವಿಯಿಂದ ಎರಡು ಬಿಂದಿಗೆ ಬೇರೆಯಾಗಿ ಹೊತ್ತು ತರುತ್ತಿದ್ದೆವು. ನಲ್ಲಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಮ್ಮ, ಹಿತ್ತಾಳೆ ಚೊಂಬು ಹೊಳೆಯುವ ಹಾಗೆ ಹೊಳೆಯುತ್ತದೆ.

ಬಾವಿಕಟ್ಟೆ
ಬೇಳೆ ಮಾತು ನೂರಕ್ಕೆ ನೂರು ನಿಜ ಅಮ್ಮ. ಗಡಸು ನೀರಲ್ಲಿ ಬೇಳೆ ಸಿಪ್ಪೆ, ನಾರು ಬಿಗಿದುಕೊಳ್ಳುತ್ತದೆ. ಹುಣಸೆ ಹಿತ್ತಾಳೆ ಕಪ್ಪಿಗೆ ಚೆನ್ನ. ಆದರೆ ಸುಣ್ಣಕ್ಕೆ ಹುಣಸೆಹುಳಿ ನಿಧಾನ, ಯಾಕೆಂದರೆ ಅದು ಸುಣ್ಣದ ಜೊತೆ ಸೇರಿ ಆಗುವ ವಸ್ತು ಸರಿಯಾಗಿ ಕರಗುವುದಿಲ್ಲ, ಅಲ್ಲೇ ಮೇಲೆ ಮುಚ್ಚಿಕೊಂಡು ಕೂರುತ್ತದೆ. ತೆಳು ಕಲೆಗೆ ಸಾಕು, ಗಟ್ಟಿ ಪದರಕ್ಕೆ ಸಾಲದು.

ಮೂರನೇ_ಮಹಡಿ
ನಾನು ಬಾಡಿಗೆ ಮನೆಯಲ್ಲಿದ್ದೇನೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಒಂದೇ ನಿಮಿಷದಲ್ಲಿ ಕ್ಲೀನ್ ಆಯಿತು ಅಂತ ಖುಷಿಪಟ್ಟೆ. ಒಂದು ವಾರಕ್ಕೆ ನಲ್ಲಿಯ ಹೊಳಪು ಹೋಗಿ ಅಲ್ಲಲ್ಲಿ ಹಳದಿ ಮಚ್ಚೆ ಬಂತು. ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೋ ಏನೋ. ಅದು ಸರಿಮಾಡಲು ಆಗುತ್ತದಾ?

ಬಾವಿಕಟ್ಟೆ
ಆಗುವುದಿಲ್ಲ. ಆ ಬಾಟಲಿಯಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣವನ್ನು ಹೇಗೆ ತಿನ್ನುತ್ತದೋ ಕ್ರೋಮ್ ಲೇಪವನ್ನೂ ಹಾಗೇ ತಿನ್ನುತ್ತದೆ. ನಿಮಗೆ ಕಾಣುತ್ತಿರುವ ಹಳದಿ ಒಳಗಿನ ಹಿತ್ತಾಳೆ ಅಥವಾ ನಿಕಲ್. ಲೇಪ ಹೋದ ಜಾಗ ಮತ್ತೆ ಬರುವುದಿಲ್ಲ, ನಲ್ಲಿ ಬದಲಾಯಿಸಬೇಕು. ಎಲ್ಲರಿಗೂ ಒಂದು ಮಾತು ಕೈಮುಗಿದು ಹೇಳುತ್ತೇನೆ, ಆ ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಅಥವಾ ಬಟ್ಟೆಗೆ ಹಾಕುವ ಬ್ಲೀಚ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಇಲ್ಲದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಹೊಸಕೋಟೆ_ಮನೆ
ನಿಂಬೆ ಹಿಂಡಿದೆ, ಗುಳ್ಳೆ ಎದ್ದಿತು! ಲ್ಯಾಬಿಗೂ ಕೊಟ್ಟಿದ್ದೇನೆ. ಅಷ್ಟರಲ್ಲಿ ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು ತಂದು ಮಾಡಿ ನೋಡಿದೆ, ಸ್ವಲ್ಪ ಎಡವಟ್ಟಾಯಿತು. ಬೇಗ ಆಗಲಿ ಅಂತ ನೀರು ಕುದಿಸಿ, ಅದಕ್ಕೆ ಒಂದು ದೊಡ್ಡ ಹಿಡಿ ನಿಂಬೆ ಉಪ್ಪು ಹಾಕಿ, ಶವರ್ ಬಿಚ್ಚಿ ಮುಳುಗಿಸಿದೆ. ಮೊದಲು ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ. ಹತ್ತು ನಿಮಿಷಕ್ಕೆ ನಿಂತುಹೋಯಿತು. ತೆಗೆದು ನೋಡಿದರೆ ಬಕೆಟ್ ತಳದಲ್ಲಿ, ಶವರ್ ಮೈಮೇಲೆ ಎಲ್ಲ ಕಡೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಹೊಸ ಬಿಳಿ ಪುಡಿ. ಹಳೆಯದು ಹೋಗುವ ಬದಲು ಜಾಸ್ತಿ ಆಯಿತಲ್ಲ ಅಂತ ಗಾಬರಿಯಾಯಿತು.

ಬಾವಿಕಟ್ಟೆ
ಗಾಬರಿ ಬೇಡ. ಅದು ಕ್ಯಾಲ್ಸಿಯಂ ಸಿಟ್ರೇಟ್. ವಿಚಿತ್ರ ಅಂದರೆ ಅದು ಬಿಸಿ ನೀರಲ್ಲಿ ಕಡಿಮೆ ಕರಗುತ್ತದೆ, ತಣ್ಣಗಿದ್ದಾಗ ಸ್ವಲ್ಪ ಜಾಸ್ತಿ. ನೀವು ಕುದಿಯುವ ನೀರು ಹಾಕಿದ್ದರಿಂದ ಕರಗಿದ ಸುಣ್ಣ ಸಿಟ್ರೇಟ್ ಆಗಿ ಮತ್ತೆ ಮೇಲೆ ಕೂತಿತು, ಕೆಳಗಿನ ಪದರಕ್ಕೆ ಹುಳಿ ತಲುಪದೆ ಗುಳ್ಳೆ ನಿಂತಿತು. ಹಳೆ ಟೂತ್ ಬ್ರಷ್‌ನಲ್ಲಿ ತಣ್ಣೀರು ಬಿಟ್ಟು ಉಜ್ಜಿದರೆ ಆ ಪುಡಿ ಹೋಗುತ್ತದೆ.

ಇನ್ನೊಂದು ಸಲ ಹೀಗೆ ಮಾಡಿ. ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು. ನೀರು ಮಗುವಿಗೆ ಸ್ನಾನ ಮಾಡಿಸುವಷ್ಟು ಉಗುರುಬೆಚ್ಚಗೆ ಇದ್ದರೆ ಸಾಕು. ಶವರ್ ಒಳಗಿನ ರಬ್ಬರ್ ವಾಷರ್ ತೆಗೆದಿಟ್ಟುಕೊಳ್ಳಿ. ಅರ್ಧ ಗಂಟೆ ಬಿಟ್ಟು ನೋಡಿ. ಗುಳ್ಳೆ ನಿಂತಿದ್ದರೂ ಪದರ ಇನ್ನೂ ಇದ್ದರೆ ಹುಳಿ ಖರ್ಚಾಗಿದೆ ಅಂತ ಅರ್ಥ, ಆ ನೀರು ಚೆಲ್ಲಿ ಹೊಸದು ಮಾಡಿ ಇನ್ನರ್ಧ ಗಂಟೆ ಇಡಿ. 50 ಗ್ರಾಂ ನಿಂಬೆ ಉಪ್ಪಿಗೆ ಹೆಚ್ಚೆಂದರೆ 35 ಗ್ರಾಂ ಸುಣ್ಣ ಕರಗಿಸುವ ಶಕ್ತಿ. ಅದಕ್ಕೇ ಒಂದೇ ಸಲ ರಾತ್ರಿಯಿಡೀ ಬಿಡುವುದಕ್ಕಿಂತ ಎರಡು ಸಲ ಹೊಸ ನೀರಲ್ಲಿ ಇಡುವುದು ಮೇಲು. ರಾತ್ರಿಯಿಡೀ ಬಿಟ್ಟರೆ ಲೇಪದಲ್ಲಿ ಎಲ್ಲಾದರೂ ಗೀರು ಇದ್ದ ಕಡೆ ಹುಳಿ ಒಳಗೆ ನುಗ್ಗಿ ಸಿಪ್ಪೆ ಏಳುತ್ತದೆ. ಕಪ್ಪು, ಚಿನ್ನದ ಬಣ್ಣದ ನಲ್ಲಿಯಾದರೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ನಲ್ಲಿ ಬಿಚ್ಚಲು ಆಗದಿದ್ದರೆ ಹಳೆ ಬನಿಯನ್ ಬಟ್ಟೆಯನ್ನು ಇದೇ ನೀರಲ್ಲಿ ಅದ್ದಿ ಸುತ್ತಿ, ಮೇಲೆ ಹಾಲಿನ ಕವರ್ ಕಟ್ಟಿ. ನಲ್ಲಿ ಮೂತಿಯ ಜಾಲರಿಯನ್ನು ಮಾತ್ರ ಬಿಚ್ಚಿಯೇ ತೊಳೆಯಿರಿ, ನೀರು ಸಣ್ಣಗೆ ಬರುವುದಕ್ಕೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ.

ಶಹಾಬಾದ್_ಕಲ್ಲು
ಒಂದು ಎಚ್ಚರಿಕೆ. ನಾನು ಕಲಬುರಗಿ ಕಡೆಯವನು. ನಮ್ಮ ಮನೆಗಳಲ್ಲಿ ಬಚ್ಚಲು, ಅಂಗಳ ಎಲ್ಲ ಶಹಾಬಾದ್ ಕಲ್ಲೇ. ನಿಂಬೆ ಉಪ್ಪಿನ ನೀರು ಅದರ ಮೇಲೆ ಬಿದ್ದರೆ ಕಲ್ಲಿನ ನುಣುಪು ಹೋಗಿ ಮಂಕಾದ ಮಚ್ಚೆ ಆಗುತ್ತದೆ, ಯಾಕೆಂದರೆ ಆ ಕಲ್ಲೂ ಸುಣ್ಣದ್ದೇ. ಕಡಪ ಕಲ್ಲು, ಮಾರ್ಬಲ್ ಕೂಡ ಅಷ್ಟೇ. ಗ್ರಾನೈಟಿಗೆ ಚಿಂತೆ ಇಲ್ಲ. ನಮ್ಮ ಅಕ್ಕ ಅಡುಗೆ ಕಟ್ಟೆಯ ಕಡಪ ಮೇಲೆ ಈ ಪಾತ್ರೆ ಇಟ್ಟಿದ್ದರು, ತಳದ ಉಂಗುರ ಇನ್ನೂ ಇದೆ.

ಬಾವಿಕಟ್ಟೆ
ಒಳ್ಳೆಯದು ನೆನಪಿಸಿದಿರಿ, ನಾನು ಹೇಳಬೇಕಿತ್ತು. ಟೈಲ್ಸ್ ನಡುವಿನ ಸಿಮೆಂಟಿಗೂ ಇದೇ ಮಾತು. ಬಕೆಟ್‌ನಲ್ಲೇ ಮಾಡಿ, ನೆಲಕ್ಕೆ ಸುರಿಯುವಾಗ ನೀರು ಜಾಸ್ತಿ ಬಿಟ್ಟು ತೊಳೆಯಿರಿ.

ಯಲಹಂಕ_ಅಪ್ಪ
ಸಾಫ್ಟ್‌ನರ್ ಬಗ್ಗೆ ನಾನು ಹೇಳುತ್ತೇನೆ, ದಯವಿಟ್ಟು ಕೇಳಿ. ಹೋದ ವರ್ಷ ಒಂದು ಕಂಪನಿಯವರು ಬಂದು 25 ಲೀಟರ್ ರೆಸಿನ್ ಇರುವ ಸಿಲಿಂಡರ್ ಹಾಕಿಹೋದರು. ದುಡ್ಡು ಕೈಬಿಟ್ಟಿತು. ಟಿಡಿಎಸ್ ಮೊದಲು 900, ಹಾಕಿದ ಮೇಲೆ 910. ಏನೂ ಇಳಿದಿಲ್ಲ! ನಲ್ಲಿಯಲ್ಲಿ ಬಿಳಿ ಈಗಲೂ ಬರುತ್ತಿದೆ. ಫೋನ್ ಮಾಡಿದರೆ ನೀರೇ ಹಾಗಿದೆ ಸಾರ್ ಅನ್ನುತ್ತಾರೆ. ಮೋಸ ಇದು.

ಬಾವಿಕಟ್ಟೆ
ಸರ್, ನಿಮ್ಮ ಮಾತಲ್ಲಿ ಎರಡು ವಿಷಯ ಇವೆ, ಬೇರೆ ಬೇರೆ ನೋಡೋಣ.

ಟಿಡಿಎಸ್ ಇಳಿಯದಿರುವುದು ಸಹಜ. ಸಾಫ್ಟ್‌ನರ್ ನೀರಿನಿಂದ ಲವಣ ತೆಗೆಯುವುದಿಲ್ಲ, ಅದಲು ಬದಲು ಮಾಡುತ್ತದೆ. ಆ ಸಿಲಿಂಡರ್ ಒಳಗೆ ಸಬ್ಬಕ್ಕಿಗಿಂತ ಸಣ್ಣದಾದ ಹಳದಿ ಕಾಳುಗಳಿವೆ, ಅವೇ ರೆಸಿನ್. ಪ್ರತಿ ಕಾಳೂ ಸೋಡಿಯಂ ಹಿಡಿದುಕೊಂಡು ಕೂತಿರುತ್ತದೆ. ನೀರು ಹಾದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಮೀಟರ್ ನೋಡುವುದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಮಾತ್ರ. ಯಾವ ಲವಣ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ 900 ಇದ್ದದ್ದು 910 ಆಗುವುದರಲ್ಲಿ ಏನೂ ತಪ್ಪಿಲ್ಲ. ಈ ಒಂದು ಕಾರಣಕ್ಕೆ ಚೆನ್ನಾಗಿರುವ ಸಾಫ್ಟ್‌ನರ್ ಕಿತ್ತು ಬಿಸಾಕಿದವರನ್ನು ನೋಡಿದ್ದೇನೆ.

ಆದರೆ ಬಿಳಿ ಈಗಲೂ ಕಟ್ಟುತ್ತಿದೆ ಅಂದಿರಿ, ಅದು ಸಹಜ ಅಲ್ಲ. ಹನಿ ಹಾಕಿ ನೋಡುವ ಗಡಸುತನದ ಕಿಟ್ ಸಿಗುತ್ತದೆ. ನೀರಿಗೆ ಬಣ್ಣ ಹಾಕಿದರೆ ಕೆಂಪು, ಆಮೇಲೆ ಹನಿ ಹಾಕುತ್ತಾ ಹೋದರೆ ಒಂದು ಹನಿಗೆ ನೀಲಿ ಆಗುತ್ತದೆ. ಎಷ್ಟು ಹನಿ ಅನ್ನುವುದರ ಮೇಲೆ ಲೆಕ್ಕ, ಒಂದು ಹನಿಗೆ ಎಷ್ಟು ಅಂತ ಡಬ್ಬಿ ಮೇಲೆ ಇರುತ್ತದೆ. ಸಾಫ್ಟ್‌ನರ್‌ಗೆ ಹೋಗುವ ಮೊದಲಿನ ನೀರು, ಹೊರಗೆ ಬಂದ ನೀರು ಎರಡನ್ನೂ ಅಳೆದು ಹೇಳಿ. ಅದನ್ನು ಯಾವ ಪೈಪಿಗೆ ಕೂರಿಸಿದ್ದಾರೆ ಅಂತಲೂ ಹೇಳಿ. ಕಾಳುಗಳಲ್ಲಿ ಸೋಡಿಯಂ ಮುಗಿದಾಗ ಮತ್ತೆ ತುಂಬಿಸುವುದು ಉಪ್ಪು ನೀರು, ಆ ಉಪ್ಪು ಕೊನೆಗೆ ಯಾವಾಗ ಹಾಕಿದಿರಿ?

ಪಾವಗಡ_ಶಿಕ್ಷಕ
ನಮ್ಮ ಊರಲ್ಲಿ ಫ್ಲೋರೈಡ್ ಸಮಸ್ಯೆ, ಮಕ್ಕಳ ಹಲ್ಲು ಕಂದು ಬಣ್ಣ ಆಗಿದೆ. ಸಾಫ್ಟ್‌ನರ್ ಹಾಕಿದರೆ ಕುಡಿಯುವ ನೀರು ಸರಿಹೋಗುತ್ತದಾ? ಶಾಲೆಗೆ ಒಂದು ಹಾಕಿಸೋಣ ಅಂತ ಯೋಚನೆ ಇದೆ.

ಬಾವಿಕಟ್ಟೆ
ಇಲ್ಲ ಮೇಷ್ಟ್ರೇ, ಅದಕ್ಕೆ ದುಡ್ಡು ಹಾಕಬೇಡಿ. ಸಾಫ್ಟ್‌ನರ್ ಫ್ಲೋರೈಡ್ ಮುಟ್ಟುವುದೇ ಇಲ್ಲ. ಅದಕ್ಕೆ ಆರ್‌ಓ ಅಥವಾ ಅಲ್ಯುಮಿನಾ ಹಾಸಿನ ಫಿಲ್ಟರ್ ಬೇಕು. ಇಲ್ಲಿ ಮಾತಾಡುತ್ತಿರುವುದು ಸ್ನಾನ, ಬಟ್ಟೆ, ಗೀಸರ್ ನೀರಿನ ವಿಷಯ. ಕುಡಿಯುವುದಕ್ಕೆ ನಾನು ಸಾಫ್ಟ್‌ನರ್ ನೀರು ಯಾರಿಗೂ ಹೇಳುವುದಿಲ್ಲ.

ಮೂರನೇ_ಮಹಡಿ
ಬಾಡಿಗೆ ಮನೆಗೆ ಇಷ್ಟೆಲ್ಲ ಆಗುವುದಿಲ್ಲ. ಶವರ್‌ಗೆ ತಿರುಗಿಸಿ ಹಾಕುವ ಫಿಲ್ಟರ್ ಬರುತ್ತದಲ್ಲ, ಆನ್‌ಲೈನ್‌ನಲ್ಲಿ ಗಡಸು ನೀರನ್ನು ಮೆದು ಮಾಡುತ್ತದೆ ಅಂತ ಬರೆದಿದ್ದಾರೆ. ನನಗೆ ಕೂದಲೂ ತುಂಬಾ ಉದುರುತ್ತಿದೆ.

ಬಾವಿಕಟ್ಟೆ
ಲೆಕ್ಕ ಹಾಕಿ ನೋಡಿ. ಆ ಡಬ್ಬಿಯಲ್ಲಿ ಒಳ್ಳೆ ರೆಸಿನ್ ತುಂಬಿಸಿದ್ದಾರೆ ಅಂತಲೇ ಇಟ್ಟುಕೊಳ್ಳೋಣ, ಎಷ್ಟು ಹಿಡಿಯುತ್ತದೆ? ಕಾಲು ಲೀಟರಿಗಿಂತ ಕಡಿಮೆ, 200 ಮಿಲಿ ಅನ್ನಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಸುಣ್ಣ ಹಿಡಿಯುತ್ತದೆ, ಅಂದರೆ ನಿಮ್ಮ ಡಬ್ಬಿ 10 ಗ್ರಾಂ. ನಿಮ್ಮ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂ ಸುಣ್ಣ ಇದ್ದರೆ 20 ಲೀಟರಿಗೆ ಮುಗಿಯಿತು. ಒಂದು ಬಕೆಟ್. ಬೆಳಿಗ್ಗೆ ಹಾಕಿದ್ದು ಒಬ್ಬರ ಸ್ನಾನಕ್ಕೆ ಖಾಲಿ. ಮಣ್ಣು, ಕ್ಲೋರಿನ್ ವಾಸನೆಗೆ ಅದು ಸ್ವಲ್ಪ ಉಪಯೋಗ, ಗಡಸುತನಕ್ಕೆ ಅಲ್ಲ.

ಬಾಡಿಗೆಯವರಿಗೆ ನಾನು ಹೇಳುವುದು ಇಷ್ಟೇ. ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರು. ನಲ್ಲಿ ಉಪಯೋಗಿಸಿದ ಮೇಲೆ ಒಣ ಬಟ್ಟೆಯಲ್ಲಿ ಒಂದು ಸಲ ಒರೆಸುವುದು, ಹನಿ ಆರದಿದ್ದರೆ ಕಲೆಯೇ ಇಲ್ಲ. ಗೀಸರ್ ಉಷ್ಣತೆ 50ಕ್ಕೆ ಇಳಿಸುವುದು. ಬಿಸಿ ಜಾಸ್ತಿ ಆದಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ. ಶವರ್ ತೂತಿನಲ್ಲಿ ಮೆತ್ತನೆಯ ರಬ್ಬರ್ ಮೂತಿ ಇದ್ದರೆ ವಾರಕ್ಕೊಮ್ಮೆ ಹೆಬ್ಬೆರಳಲ್ಲಿ ಉಜ್ಜಿ, ಪದರ ಗಟ್ಟಿಯಾಗುವ ಮುಂಚೆಯೇ ಉದುರುತ್ತದೆ. ವಾಷಿಂಗ್ ಮಷೀನಿಗೆ ಫಾಸ್ಫೇಟ್ ಹರಳಿನ ಸಣ್ಣ ಡಬ್ಬಿ ಹಾಕಿಕೊಳ್ಳಬಹುದು. ಅದು ನೀರನ್ನು ಮೆದು ಮಾಡುವುದಿಲ್ಲ, ಸುಣ್ಣ ಹರಳುಗಟ್ಟದ ಹಾಗೆ ತಡೆಯುತ್ತದೆ. ತುಂಬಾ ಬಿಸಿಯಾದರೆ ಆ ಫಾಸ್ಫೇಟ್ ಒಡೆದುಹೋಗುತ್ತದೆ, ಆದ್ದರಿಂದ ಗೀಸರ್‌ಗೆ ಅದನ್ನು ನಂಬಬೇಡಿ.

ಕೂದಲಿಗೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಸೋಪು ಬಿಡುವುದಿಲ್ಲ, ಅಷ್ಟನ್ನು ನಾನು ಒಪ್ಪುತ್ತೇನೆ. ಬುಡದಿಂದ ಉದುರುವುದನ್ನೆಲ್ಲ ನೀರಿನ ತಲೆಗೆ ಕಟ್ಟುವುದಿಲ್ಲ.

ಮೂರನೇ_ಮಹಡಿ
ನನಗಂತೂ ಊರಿಗೆ ಹೋದರೆ, ಶಿವಮೊಗ್ಗದಲ್ಲಿ, ಎರಡು ವಾರಕ್ಕೆ ಉದುರುವುದು ನಿಲ್ಲುತ್ತದೆ. ನೀರೇ ಕಾರಣ ಅನ್ನುವುದು ನನ್ನ ನಂಬಿಕೆ.

ವಿದ್ಯುತ್_ಸುರುಳಿ
ಪೈಪಿಗೆ ತಂತಿ ಸುತ್ತುವ ಎಲೆಕ್ಟ್ರಾನಿಕ್ ಮೆಷಿನ್ ನಮ್ಮ ಮನೆಯಲ್ಲಿದೆ, ಮೂರು ವರ್ಷ ಆಯಿತು. ಉಪ್ಪು ಬೇಡ, ನೀರು ಪೋಲಿಲ್ಲ. ನಲ್ಲಿಯಲ್ಲಿ ಬಿಳಿ ಬರುತ್ತದೆ, ಆದರೆ ಒರೆಸಿದರೆ ಹೋಗುತ್ತದೆ, ಮೊದಲಿನ ಹಾಗೆ ಗಟ್ಟಿ ಇಲ್ಲ. ಅದನ್ನೂ ಯೋಚಿಸಿ.

ಬಾವಿಕಟ್ಟೆ
ನಿಮ್ಮ ಅನುಭವ ಇಲ್ಲ ಅನ್ನುವುದಿಲ್ಲ. ನಾನು ಒಂದು ಕಡೆ ಕೆಲಸ ಮಾಡಿದ್ದನ್ನೂ ನೋಡಿದ್ದೇನೆ, ಪಕ್ಕದ ಬೀದಿಯಲ್ಲಿ ಏನೂ ಮಾಡದಿದ್ದನ್ನೂ ನೋಡಿದ್ದೇನೆ. ಗಡಸುತನ ಅಳೆದರೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಆದ್ದರಿಂದ ಸೋಪಿನ ನೊರೆ, ಬೇಳೆ, ಬಟ್ಟೆ ಯಾವುದೂ ಬದಲಾಗುವುದಿಲ್ಲ. ಕೇಳಿದವರಿಗೆ ನಾನು ಹಾಕಿಸಿ ಅಂತ ಹೇಳಲಾರೆ.

ವಿದ್ಯುತ್_ಸುರುಳಿ
ಬಟ್ಟೆ ವಿಷಯ ನಿಜ, ಪೌಡರ್ ಈಗಲೂ ಜಾಸ್ತಿಯೇ ಬೇಕು. ಆದರೆ ನಲ್ಲಿ ಮಟ್ಟಿಗೆ ನಾನು ನನ್ನ ಮಾತಿಗೆ ಬದ್ಧ.

ಹೊಸಕೋಟೆ_ಮನೆ
ರಿಪೋರ್ಟ್ ಬಂತು. ಒಟ್ಟು ಗಡಸುತನ ಲೀಟರಿಗೆ 520 ಮಿಲಿಗ್ರಾಂ. ಕಬ್ಬಿಣ 0.1. ಇನ್ನೊಂದು ಸಂತೋಷದ ಸುದ್ದಿ, ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ಅರ್ಧರ್ಧ ಗಂಟೆ ಇಟ್ಟೆ, ಶವರ್ ಹೊಸದರ ಹಾಗೆ ಆಗಿದೆ. ಎರಡನೇ ಸಲ ಅಲ್ಲಾಡಿಸಿದಾಗ ಒಳಗಿಂದ ಮೊಟ್ಟೆ ಚಿಪ್ಪಿನಂಥ ಚೂರುಗಳು ಉದುರಿದವು, ಒಂದು ಚಮಚ ಆಗುವಷ್ಟು. ಒಳಗೆ ಅಷ್ಟಿದೆ ಅಂತ ಗೊತ್ತೇ ಇರಲಿಲ್ಲ. ಈಗ ಗೀಸರ್ ಒಳಗೆ ಏನಾಗಿದೆಯೋ ಅಂತ ಭಯ. ಹತ್ತು ನಿಮಿಷದಲ್ಲಿ ಕಾಯುತ್ತಿದ್ದದ್ದು ಈಗ ಇಪ್ಪತ್ತು ನಿಮಿಷ ಬೇಕು, ಟಪಟಪ ಸದ್ದು ಬೇರೆ.

ಬಾವಿಕಟ್ಟೆ
ಆ ಸದ್ದೇ ಗುರುತು. ಕಾಯಿಲ್ ಮೇಲಿನ ಸುಣ್ಣದ ಕೆಳಗೆ ನೀರು ಸಿಕ್ಕಿಕೊಂಡು ಕುದಿದು ಸಿಡಿಯುತ್ತದೆ. ಮೆಕ್ಯಾನಿಕ್ ಕರೆಸಿ ಕಾಯಿಲ್ ಹೊರಗೆ ತೆಗೆಸಿ ತೊಳೆಸಿ, ನೀವೇ ಬಿಚ್ಚಬೇಡಿ. ಜೊತೆಗೆ ಮೆಗ್ನೀಸಿಯಂ ಕಡ್ಡಿ ಎಷ್ಟು ಉಳಿದಿದೆ ನೋಡಲು ಹೇಳಿ, ಸವೆದಿದ್ದರೆ ಬದಲಾಯಿಸಿ. ಅದು ಮುಗಿದರೆ ಟ್ಯಾಂಕೇ ತೂತಾಗುತ್ತದೆ.

520 ಅಂದರೆ ಜಾಸ್ತಿಯೇ. ಕುಡಿಯುವ ನೀರಿಗೆ ಭಾರತದ ಮಾನಕ ಸಂಸ್ಥೆ ಬಿಐಎಸ್ ಹೇಳುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನಿಮ್ಮ ಮನೆ ಲೆಕ್ಕ ಹಾಕೋಣ. ನಾಲ್ಕು ಜನ, ದಿನಕ್ಕೆ 500 ಲೀಟರ್ ಅಂತ ಇಟ್ಟುಕೊಳ್ಳಿ. ಲೀಟರಿಗೆ 0.52 ಗ್ರಾಂ. ಅಂದರೆ ದಿನಕ್ಕೆ 260 ಗ್ರಾಂ ಸುಣ್ಣ ನಿಮ್ಮ ಪೈಪುಗಳಲ್ಲಿ ಹಾದುಹೋಗುತ್ತಿದೆ, ಕಾಲು ಕೆಜಿಗಿಂತ ಜಾಸ್ತಿ. 25 ಲೀಟರ್ ರೆಸಿನ್ ಇರುವ ಸಾಫ್ಟ್‌ನರ್ ಹಾಕಿದರೆ 1250 ಗ್ರಾಂ ಹಿಡಿಯುತ್ತದೆ. ಐದು ದಿನ ತುಂಬುವುದಿಲ್ಲ, ನಾಲ್ಕು ದಿನಕ್ಕೊಮ್ಮೆ ಉಪ್ಪು ನೀರು ಹರಿಸಿ ರೆಸಿನ್ ತೊಳೆಯಬೇಕು. ಪ್ರತಿ ಸಲ 3 ಕೆಜಿ ಉಪ್ಪು, ತಿಂಗಳಿಗೆ 20 ಕೆಜಿ ದಾಟುತ್ತದೆ. ಪ್ರತಿ ಸಲ 150ರಿಂದ 200 ಲೀಟರ್ ನೀರು ಚರಂಡಿಗೆ. ಮಾರುವವರು ಈ ಲೆಕ್ಕ ಹೇಳುವುದಿಲ್ಲ, ಅವರು ಸಿಲಿಂಡರ್ ಬೆಲೆ ಮಾತ್ರ ಹೇಳುತ್ತಾರೆ. ಈ ಕೆಲಸ ನಿಮ್ಮ ಮನೆಯಲ್ಲಿ ಯಾರಾದರೂ ತಪ್ಪದೇ ಮಾಡುತ್ತಾರೆ ಅಂದರೆ ಹಾಕಿಸಿ. ಇಲ್ಲ ಅಂದರೆ ಎರಡು ತಿಂಗಳಿಗೆ ಅದು ಸುಮ್ನೆ ನಿಂತ ಡ್ರಮ್ಮು. ಕಬ್ಬಿಣ ಕಡಿಮೆ ಇರುವುದು ನಿಮ್ಮ ಅದೃಷ್ಟ, ಕೆಂಪು ನೀರಾಗಿದ್ದರೆ ರೆಸಿನ್ ಕಾಳಿಗೆ ತುಕ್ಕು ಮೆತ್ತಿ ಬೇಗ ಹಾಳಾಗುತ್ತಿತ್ತು.

ಮಾಲೂರು_ತೋಟ
ಆ ಚರಂಡಿಗೆ ಹೋಗುವ 200 ಲೀಟರ್ ತೆಂಗಿನ ಮರಕ್ಕೆ ಬಿಡಬಹುದಲ್ಲ? ತೆಂಗಿಗೆ ಉಪ್ಪು ಹಾಕುತ್ತಾರಲ್ಲ.

ಬಾವಿಕಟ್ಟೆ
ಬೇಡ. ತೆಂಗಿಗೆ ಒಂದು ಹಿಡಿ ಉಪ್ಪು ಬೇರೆ, ವಾರಕ್ಕೆ ಎರಡು ಸಲ ಮೂರು ಕೆಜಿ ಬೇರೆ. ಮಣ್ಣಲ್ಲಿ ಸೋಡಿಯಂ ಸೇರಿದರೆ ನೆಲ ಚೌಳು ಆಗುತ್ತದೆ, ಮಳೆ ಬಂದಾಗ ನೀರು ಇಂಗದೆ ಮೇಲೇ ಕೆಸರಾಗಿ ನಿಂತು, ಬಿಸಿಲಿಗೆ ಹಲಗೆಯ ಹಾಗೆ ಬಿರಿಯುತ್ತದೆ. ಇಂಗುಗುಂಡಿಗಂತೂ ಬಿಡಲೇಬೇಡಿ, ತಿರುಗಿ ನಿಮ್ಮ ಬೋರಿಗೇ ಬರುತ್ತದೆ. ಸಾಫ್ಟ್‌ನರ್‌ನಿಂದ ಹೊರಗೆ ಬಂದ ಮೆದು ನೀರನ್ನೂ ಗಿಡಕ್ಕೆ ಹಾಕಬೇಡಿ. ಗಿಡಕ್ಕೆ ಆ ಗಡಸು ನೀರೇ ವಾಸಿ.

ಮಾಲೂರು_ತೋಟ
ಹಾಗಾದರೆ ಊರಲ್ಲಿ ನೂರು ಮನೆಯವರು ಇದನ್ನು ಹಾಕಿಸಿ ಚರಂಡಿಗೆ ಬಿಟ್ಟರೆ ಆ ಚರಂಡಿ ಹೋಗುವುದು ನಮ್ಮ ಕೆರೆಗೇ ಅಲ್ವಾ? ಅದಕ್ಕೇನು ಉತ್ತರ?

ಬಾವಿಕಟ್ಟೆ
ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಅದಕ್ಕೇ ಇಡೀ ಮನೆಗೆ ಹಾಕಬೇಡಿ, ಬೇಕಾದಷ್ಟಕ್ಕೆ ಮಾತ್ರ ಹಾಕಿ ಅನ್ನುತ್ತೇನೆ. ಮಳೆ ನೀರು ಬೆರೆಸಿದರೂ ಹೊರೆ ಇಳಿಯುತ್ತದೆ. ಮಳೆ ನೀರಲ್ಲಿ ಗಡಸುತನ ಇಲ್ಲ ಅನ್ನುವಷ್ಟು ಕಡಿಮೆ. ಸಂಪಿನಲ್ಲಿ ಅರ್ಧಕ್ಕರ್ಧ ಬೆರೆತರೆ 520 ಇದ್ದದ್ದು 260 ಆಗುತ್ತದೆ, ಉಪ್ಪೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದು ಮಳೆಗಾಲದ ಮಾತು, ಮಾರ್ಚ್ ತಿಂಗಳಿಗೆ ಆಗುವುದಿಲ್ಲ.

ಯಲಹಂಕ_ಅಪ್ಪ
ಸರ್, ಕಿಟ್ ತರಿಸಿ ಅಳೆದೆ. ಒಳಗೆ ಹೋಗುವುದು 500, ಹೊರಗೆ ಬರುವುದು 180. ಉಪ್ಪು ಹಿಂದಿನ ದಿನವೇ ಹಾಕಿದ್ದೆ. ಸಂಪಿನ ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪಿಗೆ ಕೂರಿಸಿದ್ದಾರೆ. 1 ಎಚ್‌ಪಿ ಮೋಟಾರ್.

ಬಾವಿಕಟ್ಟೆ
ಹಾಗಾದರೆ ರೆಸಿನ್ ಬದುಕಿದೆ, ನೀರು ಅದಕ್ಕೆ ಪುರುಸೊತ್ತು ಕೊಡುತ್ತಿಲ್ಲ ಅಂತ ನನ್ನ ಅನುಮಾನ. ಮೇಲಿನ ಟ್ಯಾಂಕಿಗೆ ಬೀಳುವ ಕಡೆ 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ.

ಯಲಹಂಕ_ಅಪ್ಪ
25 ಸೆಕೆಂಡ್. ಮಗ ಹಿಡಿದಿದ್ದ, ನಾನು ಫೋನಲ್ಲಿ ಎಣಿಸಿದೆ.

ಬಾವಿಕಟ್ಟೆ
ಅಲ್ಲಿಗೆ ಸಿಕ್ಕಿತು. 25 ಸೆಕೆಂಡಿಗೆ 20 ಲೀಟರ್ ಅಂದರೆ ಗಂಟೆಗೆ 2880 ಲೀಟರ್. 25 ಲೀಟರ್ ರೆಸಿನ್‌ಗೆ ಗಂಟೆಗೆ 1000 ಲೀಟರ್ ಒಳಗೆ ಇರಬೇಕು. ಮೂರು ಪಟ್ಟು ವೇಗದಲ್ಲಿ ನುಗ್ಗುತ್ತಿದೆ, ಕಾಳುಗಳಿಗೆ ಅದಲು ಬದಲು ಮಾಡಲು ಸಮಯವೇ ಸಿಗುತ್ತಿಲ್ಲ. ಹಾಕಿದವರು ಮೋಟಾರ್ ನೋಡದೆ ಸಿಲಿಂಡರ್ ಕೊಟ್ಟಿದ್ದಾರೆ. ಮೋಟಾರ್ ಹತ್ತಿರ ಪೈಪಿಗೆ ಟೀ ಆಕಾರದ ಒಂದು ಕವಲು ಹಾಕಿಸಿ, ಸ್ವಲ್ಪ ನೀರು ಮತ್ತೆ ಸಂಪಿಗೇ ವಾಪಸ್ ಬೀಳುವ ಹಾಗೆ ವಾಲ್ವ್ ಕೂರಿಸಿ. ಮೇಲೆ ಬಕೆಟ್ ತುಂಬಲು 80 ಸೆಕೆಂಡ್ ಆಗುವವರೆಗೆ ತಿರುಗಿಸಿ, ಆಗ ಗಂಟೆಗೆ 900 ಲೀಟರ್. ಟ್ಯಾಂಕ್ ತುಂಬಲು ಮೊದಲಿಗಿಂತ ಮೂರು ಪಟ್ಟು ಹೊತ್ತು ಬೇಕು, ಅದನ್ನು ಒಪ್ಪಿಕೊಳ್ಳಬೇಕು.

ಯಲಹಂಕ_ಅಪ್ಪ
ಭಾನುವಾರ ಪ್ಲಂಬರ್ ಬಂದು ವಾಲ್ವ್ ಹಾಕಿಹೋದ. ಬಕೆಟ್‌ಗೆ 80 ಸೆಕೆಂಡ್ ಇಟ್ಟೆ. ಈಗ ಕಿಟ್‌ನಲ್ಲಿ ಮೊದಲ ಹನಿಗೇ ನೀಲಿ ಬಂತು, 25ಕ್ಕಿಂತ ಕಡಿಮೆ. ಟಿಡಿಎಸ್ ಈಗಲೂ 910! ಒಂದು ವರ್ಷ ಸುಮ್ನೆ ಬೈದುಕೊಂಡು ಕೂತಿದ್ದೆ. ಒಂದು ಸಣ್ಣ ಪ್ರಶ್ನೆ, ಈಗ ಸ್ನಾನ ಮಾಡಿದರೆ ಮೈ ಜಾರುತ್ತದೆ, ಸೋಪು ಎಷ್ಟು ತೊಳೆದರೂ ಹೋಗಿಲ್ಲ ಅನ್ನಿಸುತ್ತದೆ.

ಬಾವಿಕಟ್ಟೆ
ಸೋಪು ಹೋಗಿದೆ, ಆ ಜಾರು ಮೆದು ನೀರಿನದು. ಸೋಪು ಅರ್ಧಕ್ಕೆ ಇಳಿಸಿ. ಇಷ್ಟವಾಗದಿದ್ದರೆ ಸಾಫ್ಟ್‌ನರ್ ಪಕ್ಕದ ಬೈಪಾಸ್ ವಾಲ್ವ್ ಒಂದು ಚೂರು ತೆರೆದು ಬೋರ್ ನೀರು ಬೆರೆಸಿ, ಕಿಟ್‌ನಲ್ಲಿ 75 ಆಸುಪಾಸು ಬರುವ ಹಾಗೆ. ನಲ್ಲಿಗೂ ತೊಂದರೆ ಇಲ್ಲ, ಉಪ್ಪೂ ಉಳಿಯುತ್ತದೆ.

ಹೊಸಕೋಟೆ_ಮನೆ
ಇದನ್ನೆಲ್ಲ ಓದಿ ನಾವು ಸಾಫ್ಟ್‌ನರ್ ಹಾಕಿಸುವುದು ಅಂತ ತೀರ್ಮಾನ ಮಾಡಿದೆವು. ಉಪ್ಪಿನ ಕೆಲಸ ಮಾವನವರು ತಾವೇ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಆದರೆ ಅವರಿಗೆ ಬಿಪಿ ಇದೆ. ನಮ್ಮ ಮನೆಯಲ್ಲಿ ಮೇಲಿನ ಟ್ಯಾಂಕ್ ಒಂದೇ, ಅಡುಗೆಮನೆಗೂ ಬಚ್ಚಲಿಗೂ ಅದೇ ನೀರು. ಏನು ಮಾಡಲಿ ಸರ್?

ಬಾವಿಕಟ್ಟೆ
ಕೇಳಿದ್ದು ಒಳ್ಳೆಯದಾಯಿತು. ನಿಮ್ಮ 520 ಪೂರ್ತಿ ಅದಲು ಬದಲಾದರೆ ಲೀಟರಿಗೆ ಸುಮಾರು 240 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇರುವವರಿಗೆ ಕುಡಿಯಲು, ಅಡುಗೆಗೆ ಅದು ಬೇಡ. ಎರಡು ದಾರಿ ಇವೆ. ಅಡುಗೆಮನೆಗೆ 200 ಲೀಟರಿನ ಒಂದು ಸಣ್ಣ ಟ್ಯಾಂಕ್ ಬೇರೆ ಇಟ್ಟು, ಸಾಫ್ಟ್‌ನರ್‌ಗೆ ಮುಂಚೆಯೇ ಪೈಪ್ ಕವಲು ತೆಗೆದು ಅದಕ್ಕೆ ಬೋರ್ ನೀರು ತುಂಬಿಸಿ. ಇಲ್ಲವೇ ಕುಡಿಯುವುದಕ್ಕೂ ಅಡುಗೆಗೂ ಆರ್‌ಓ ನೀರೇ ಬಳಸಿ, ಅದು ಸೋಡಿಯಂನ ಬಹುಪಾಲು ತೆಗೆಯುತ್ತದೆ, ಮೆದು ನೀರಾದ್ದರಿಂದ ಅದರ ಮೆಂಬ್ರೇನ್ ಕೂಡ ಜಾಸ್ತಿ ದಿನ ಬಾಳುತ್ತದೆ. ಮಾವನವರ ಡಾಕ್ಟರಿಗೂ ಒಂದು ಮಾತು ಹೇಳಿ.

ಅಡುಗೆಮನೆ_ಅಜ್ಜಿ
ಆರ್‌ಓ ನೀರಲ್ಲೇ ಬೇಳೆ ಬೇಯಿಸಮ್ಮ, ಎರಡು ವಿಷಲ್ ಕಡಿಮೆ ಸಾಕು.

ಹೊಸಕೋಟೆ_ಮನೆ
ನಮ್ಮಲ್ಲಿ ಆರ್‌ಓ ಇದೆ ಅಜ್ಜಿ, ಆದರೆ ಸಾರಿಗೆ, ಅನ್ನಕ್ಕೆ ಎಲ್ಲ ಅದರಲ್ಲೇ ಹಿಡಿಯಲು ತುಂಬಾ ಹೊತ್ತಾಗುತ್ತದೆ, ನಲ್ಲಿ ನೀರೇ ಹಾಕಿಬಿಡುತ್ತೇವೆ. ಅದಕ್ಕೆ ಸಣ್ಣ ಟ್ಯಾಂಕ್ ದಾರಿಯೇ ಸರಿ ಅನ್ನಿಸುತ್ತಿದೆ. ಶನಿವಾರ ಪ್ಲಂಬರ್ ಬರುತ್ತಾರೆ. ಬಕೆಟ್ ಹಿಡಿದು ಮೋಟಾರ್ ವೇಗ ಅಳೆದಿಟ್ಟಿದ್ದೇನೆ, ನಮ್ಮದು 38 ಸೆಕೆಂಡ್. ಸಿಲಿಂಡರ್ ಎಷ್ಟು ದೊಡ್ಡದು ಬೇಕು ಅಂತ ಇದನ್ನು ನೋಡಿಯೇ ಹೇಳಿ ಅಂತ ಅಂಗಡಿಯವರಿಗೂ ಬರೆದು ಕಳಿಸಿದ್ದೇನೆ.